ಮೊದಲು ಬಾಚಣಿಗೆ, ಆಮೇಲೆ ನೀರು

ಲಡ್ಡು ನಮ್ಮ ಹಿಂದಿನ ಬೀದಿಯ ಆಂಟಿ ಮನೆಯ ಶಿಟ್ಜು. ಮೂರು ವರ್ಷದ ಗಂಡು, ಆರು ಕೆ.ಜಿ. ತೂಕ. ಕಳೆದ ವರ್ಷ ನಾನು ಬೆಂಗಳೂರಿನ ನಮ್ಮ ಮನೆಯಲ್ಲೇ ನಾಯಿಗಳ ಗ್ರೂಮಿಂಗ್ ಶುರು ಮಾಡಿದಾಗ ಅವನು ನನ್ನ ಮೂರನೇ ಗಿರಾಕಿ. ಸೋಮವಾರದಿಂದ ಶುಕ್ರವಾರ ಸಾಫ್ಟ್‌ವೇರ್ ಕೆಲಸ, ಶನಿವಾರ ಭಾನುವಾರ ದಿನಕ್ಕೆ ಎರಡು ನಾಯಿ ಅನ್ನೋದು ನನ್ನ ಲೆಕ್ಕ. ಅದಕ್ಕೂ ಮುಂಚೆ ಎರಡು ತಿಂಗಳು ಶನಿವಾರಗಳಂದು ಒಂದು ಸಲೂನಿನಲ್ಲಿ ಸಹಾಯಕ್ಕೆ ನಿಂತು ಕಲಿತಿದ್ದೆ. ಅಷ್ಟು ಸಾಕು ಅಂದುಕೊಂಡಿದ್ದೆ.

“ಎರಡು ತಿಂಗಳಿಂದ ಸ್ನಾನ ಮಾಡ್ಸಿಲ್ಲ ಕಣೋ ಪುಟ್ಟಾ. ಕೂದಲು ಜಾಸ್ತಿ ತೆಗೀಬೇಡ, ಮುದ್ದಾಗಿ ಕಾಣ್ಸೋ ಹಾಗೆ ಟ್ರಿಮ್ ಮಾಡು ಸಾಕು” ಅಂದರು ಆಂಟಿ. ನಾನು 600 ರೂಪಾಯಿ ಹೇಳಿದೆ, ಅವರು ಒಪ್ಪಿದರು. ಅವನನ್ನು ಸೀದಾ ಟಬ್ಬಿಗೆ ಇಳಿಸಿ ಸ್ನಾನ ಮಾಡಿಸಿದೆ. ಎಲ್ಲಾ ಎಡವಟ್ಟೂ ಅಲ್ಲಿಂದಲೇ ಶುರುವಾಯಿತು.

ಮೇಲ್ನೋಟಕ್ಕೆ ಕೂದಲು ಚೆನ್ನಾಗೇ ಇತ್ತು. ಆದರೆ ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಯ ಒಳಗೆ, ಕಾಲರ್ ಉಜ್ಜುವ ಜಾಗದಲ್ಲಿ ಕೂದಲು ಸಿಕ್ಕುಗಟ್ಟಿತ್ತು. ಉಣ್ಣೆ ಸ್ವೆಟರನ್ನು ವಾಷಿಂಗ್ ಮೆಷಿನ್‌ಗೆ ಹಾಕಿ ತೆಗೆದರೆ ಹೇಗೆ ಕುಗ್ಗಿ ಗಟ್ಟಿಯಾಗುತ್ತೋ, ಸಿಕ್ಕಾದ ಕೂದಲು ನೀರು ಕಂಡರೆ ಹಾಗೇ ಆಗುತ್ತದೆ. ಒಣಗಿಸಿದ ಮೇಲೆ ಮುಟ್ಟಿ ನೋಡಿದರೆ ಚರ್ಮಕ್ಕೆ ಅಂಟಿದ ರಟ್ಟಿನ ಹಾಗಿತ್ತು. ಬಾಚಲು ಹೋದರೆ ಅವನು ಕಿರುಚುತ್ತಿದ್ದ. ಬೇರೆ ದಾರಿಯಿಲ್ಲದೆ ಕ್ಲಿಪ್ಪರ್ ಹಿಡಿದೆ. ನಲವತ್ತು ನಿಮಿಷ ಒಂದೇ ಸಮನೆ ಓಡಿಸಿದ್ದರಿಂದ ಬ್ಲೇಡ್ ಕಾದಿತ್ತು. ಅದನ್ನು ನಾನು ಗಮನಿಸಲೇ ಇಲ್ಲ. ಸಂಜೆ ಆಂಟಿ ಫೋನ್ ಮಾಡಿದರು. ಲಡ್ಡು ತೊಡೆಯ ಸಂದಿಯನ್ನು ನೆಕ್ಕುತ್ತಲೇ ಇದ್ದಾನೆ, ಅಲ್ಲಿ ಕೆಂಪಗಾಗಿದೆ ಅಂತ. ಪಶುವೈದ್ಯರ ಬಳಿ ನಾನೇ ಕರೆದುಕೊಂಡು ಹೋದೆ. ಬ್ಲೇಡಿನ ಬಿಸಿಗೆ ಚರ್ಮ ಸುಟ್ಟಿತ್ತು. ಮುಲಾಮು ಹಚ್ಚಿ, ಕುತ್ತಿಗೆಗೆ ಕೋನ್ ಹಾಕಿ ಕಳಿಸಿದರು. ನಾನು ತೆಗೆದುಕೊಂಡಿದ್ದ 600 ವಾಪಸ್ ಕೊಟ್ಟು, ಡಾಕ್ಟರ ಫೀಸನ್ನೂ ಕೊಟ್ಟೆ.

ಮನೆಯಲ್ಲಿ ಗ್ರೂಮಿಂಗ್ ಶುರು ಮಾಡಬೇಕು ಅಂತಿರುವವರಿಗೆ ಇದನ್ನೇ ಮೊದಲು ಹೇಳುತ್ತೇನೆ. ಈ ಕೆಲಸದಲ್ಲಿ ನಾಯಿಯ ನೋವೂ ನಮ್ಮ ದುಡ್ಡೂ ನಿರ್ಧಾರವಾಗುವುದು ಸ್ನಾನಕ್ಕೆ ಮುಂಚಿನ ಹದಿನೈದು ನಿಮಿಷದಲ್ಲಿ.

ಆ ಹದಿನೈದು ನಿಮಿಷ

ಈಗ ಯಾವ ನಾಯಿ ಬಂದರೂ ಮಾಲೀಕರ ಎದುರಿಗೇ ಮೇಜಿನ ಮೇಲೆ ನಿಲ್ಲಿಸಿ ಸ್ಟೀಲ್ ಬಾಚಣಿಗೆ ಹಾಕುತ್ತೇನೆ. ಕೂದಲನ್ನು ಪದರ ಪದರವಾಗಿ ಬಿಡಿಸಿ, ಚರ್ಮ ಕಾಣುವ ಹಾಗೆ ಗೆರೆ ತೆಗೆದು, ಬುಡದಿಂದ ತುದಿವರೆಗೆ ಬಾಚಬೇಕು. ಎಲ್ಲೂ ನಿಲ್ಲದೆ ಬಾಚಣಿಗೆ ಹೊರಗೆ ಬಂದರೆ ಮಾತ್ರ ಸ್ನಾನ. ಬರೀ ಮೇಲೆ ಮೇಲೆ ಬ್ರಷ್ ಎಳೆದರೆ ಮೇಲ್ಪದರ ರೇಷ್ಮೆಯಂತಿರುತ್ತದೆ, ಒಳಗಿನ ಸಿಕ್ಕು ಹಾಗೇ ಉಳಿಯುತ್ತದೆ. ಲಡ್ಡು ವಿಷಯದಲ್ಲಿ ಆಂಟಿಗೂ ನನಗೂ ಗೊತ್ತಾಗದೇ ಹೋಗಿದ್ದು ಇದೇ.

ಸಿಕ್ಕು ಸಿಕ್ಕರೆ ಬಾಚಣಿಗೆಯ ಹಲ್ಲು ಅದರೊಳಗೆ ಇಳಿಯುತ್ತಾ ಅಂತ ನೋಡಿ. ಇಳಿದರೆ ಬುಡದ ಕೂದಲನ್ನು ಬೆರಳಲ್ಲಿ ಹಿಡಿದುಕೊಂಡು, ತುದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸಬಹುದು. ಇಳಿಯದೆ ಚರ್ಮಕ್ಕೆ ಅಂಟಿಕೊಂಡಿದ್ದರೆ ಬೋಳಿಸುವುದೇ ದಯೆ. ಕತ್ತರಿ ಮಾತ್ರ ಹಾಕಲೇಬೇಡಿ. ಸಿಕ್ಕು ಚರ್ಮವನ್ನು ಮೇಲಕ್ಕೆ ಎಳೆದುಕೊಂಡಿರುತ್ತದೆ, ಕೂದಲು ಅಂದುಕೊಂಡು ಚರ್ಮವನ್ನೇ ಕತ್ತರಿಸಿಬಿಡುತ್ತೇವೆ. ಬೋಳಿಸೋದಕ್ಕೆ 10ನೇ ನಂಬರ್ ಬ್ಲೇಡನ್ನು ಚರ್ಮಕ್ಕೆ ಸಮಾನಾಂತರವಾಗಿ ಇಟ್ಟು ಸಿಕ್ಕಿನ ಅಡಿಯಲ್ಲಿ ಸರಿಸಬೇಕು. ಕೂದಲು ಇನ್ನಷ್ಟು ಉಳಿಯಲಿ ಅಂತ ದೊಡ್ಡ ಹಲ್ಲಿನ ಬ್ಲೇಡ್ ಹಾಕಿದರೆ ಹಲ್ಲುಗಳ ನಡುವೆ ಚರ್ಮ ಸಿಕ್ಕಿಕೊಳ್ಳುತ್ತದೆ. ಐದು ನಿಮಿಷಕ್ಕೊಮ್ಮೆ ಬ್ಲೇಡನ್ನು ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಒತ್ತಿ ನೋಡಿ. ನಿಮಗೆ ಬೆಚ್ಚಗೆನಿಸಿದರೆ ನಾಯಿಯ ತೊಡೆಗೆ ಆಗಲೇ ಬಿಸಿ ಆಗಿದೆ ಅಂತ ಅರ್ಥ.

ಏನೇನು ಬೇಕು

ನಾನು ಹಾಕಿದ್ದು 40,000 ರೂಪಾಯಿ. ಕ್ಲಿಪ್ಪರ್‌ಗೆ 9,000, ಎರಡು ಬಗೆಯ ಬ್ಲೇಡಿಗೆ 4,000, ನೀರು ಹಾರಿಸುವ ಬ್ಲೋವರ್‌ಗೆ 8,500, ಕೊಕ್ಕೆ ಇರುವ ಮಡಚುವ ಮೇಜಿಗೆ 9,000. ಬ್ರಷ್, ಬಾಚಣಿಗೆ, ಕತ್ತರಿ, ಉಗುರು ಕಟ್ಟರ್ ಸೇರಿ 6,000. ರಬ್ಬರ್ ಮ್ಯಾಟ್, ಟವೆಲ್, ಬಾಟಲಿಗಳಿಗೆ 3,500. ಜಾಗ ನಮ್ಮ ಮನೆಯ ಹಿಂದಿನ ಯುಟಿಲಿಟಿ. “ಪಾತ್ರೆ ತೊಳೆಯೋ ಜಾಗದಲ್ಲಿ ನಾಯಿ ಕೂದಲು ಬಿದ್ರೆ ನಾನು ಸುಮ್ನಿರಲ್ಲ” ಅಂತ ಅಮ್ಮ ಎಚ್ಚರಿಸಿದ ಮೇಲೆ ಪಾತ್ರೆ ಸಿಂಕನ್ನು ಪೂರ್ತಿ ಬೇರೆ ಮಾಡಿಸಿ, ಮೋರಿ ಬಾಯಿಗೆ ಜಾಲರಿ ಹಾಕಿಸಿದೆ. ಜಾಲರಿ ಹಾಕಿಸದಿದ್ದರೆ ತಿಂಗಳೊಳಗೆ ಪೈಪ್ ಕಟ್ಟಿಕೊಳ್ಳುತ್ತದೆ.

ಇದರಲ್ಲಿ ಉಳಿತಾಯ ಮಾಡಬಾರದ್ದು ಕ್ಲಿಪ್ಪರ್ ಮತ್ತು ಬ್ಲೋವರ್. ಮನುಷ್ಯರ ಗಡ್ಡದ ಟ್ರಿಮ್ಮರ್ ನಾಯಿಯ ದಟ್ಟ ಕೂದಲಿನಲ್ಲಿ ಬೇಗ ಕಾಯುತ್ತದೆ, ನಿಂತುಹೋಗುತ್ತದೆ. ಟವೆಲ್‌ನಲ್ಲಿ ಒರೆಸಿ ಬಿಟ್ಟರೆ ಒಳಗಿನ ಕೂದಲು ಒದ್ದೆಯೇ ಉಳಿದು ಚರ್ಮ ಹುಣ್ಣಾಗಬಹುದು.

ನಾಯಿ ಹೇಳೋದನ್ನು ಕೇಳಿ

ಮೇಜಿನ ಕೊಕ್ಕೆಯ ಹಗ್ಗ ನಾಯಿಯನ್ನು ಹಿಡಿದುಕೊಳ್ಳಲು ಅಲ್ಲ, ಬೀಳದಂತೆ ನೋಡಿಕೊಳ್ಳಲು. ಹಗ್ಗ ಹಾಕಿ ಬಾಗಿಲು ತೆಗೆಯಲು ಹೋದರೂ ಆ ಕ್ಷಣದಲ್ಲಿ ಅದು ಹಾರಿ ಕುತ್ತಿಗೆ ಬಿಗಿದುಕೊಳ್ಳಬಹುದು. ಒಂದು ಕೈ ಯಾವಾಗಲೂ ನಾಯಿಯ ಮೇಲೇ ಇರಲಿ.

ಕಚ್ಚುವುದಕ್ಕೆ ಮುಂಚೆ ನಾಯಿ ಬೇಕಾದಷ್ಟು ಸಲ ಹೇಳಿರುತ್ತದೆ. ಸುಮ್ಮಸುಮ್ಮನೆ ತುಟಿ ನೆಕ್ಕುವುದು, ಆಕಳಿಸುವುದು, ತಲೆ ತಿರುಗಿಸದೆ ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ನೋಡುವುದು, ಆಮೇಲೆ ಮೈ ಬಿಗಿದು ಅಲ್ಲಾಡದೆ ನಿಲ್ಲುವುದು. ಮೈ ಬಿಗಿದ ನಾಯಿಯನ್ನು ಹೊಸಬರು “ಎಷ್ಟು ಸಾಧು” ಅಂದುಕೊಳ್ಳುತ್ತಾರೆ. ಅಲ್ಲಿಗೆ ಕೈ ತೆಗೆದು ಎರಡು ನಿಮಿಷ ಬಿಡಬೇಕು. ಪಾದ ಎತ್ತುವಾಗ ಪಕ್ಕಕ್ಕೆ ಎಳೆಯದೆ, ಅದು ನಡೆಯುವಾಗ ಕಾಲು ಹೇಗೆ ಮಡಚುತ್ತೋ ಆ ದಿಕ್ಕಿನಲ್ಲೇ, ಮೈಗೆ ಹತ್ತಿರವಾಗಿ ಎತ್ತಿ. ಎಷ್ಟೋ ನಾಯಿಗಳ ಕಾಲಿನ ಜಗಳ ಇಷ್ಟಕ್ಕೇ ಮುಗಿಯುತ್ತದೆ.

ಕಪ್ಪು ಉಗುರಾದರೆ ಒಳಗಿನ ರಕ್ತನಾಳ ಕಾಣುವುದಿಲ್ಲ. ತೆಳು ಚೂರು ಚೂರಾಗಿ ಕತ್ತರಿಸುತ್ತಾ ಕತ್ತರಿಸಿದ ಮುಖವನ್ನು ನೋಡಿ. ನಡುವೆ ಗಾಢ ಬಣ್ಣದ ಚುಕ್ಕೆ ಕಂಡ ತಕ್ಷಣ ನಿಲ್ಲಿಸಿ. ರಕ್ತ ಬಂದರೆ ಸ್ಟಿಪ್ಟಿಕ್ ಪೌಡರ್ ಒತ್ತಿ ಹಿಡಿಯಬೇಕು. ಅದು ಕೈಗೆಟುಕುವಂತೆ ಇಟ್ಟುಕೊಂಡೇ ಉಗುರಿಗೆ ಕೈ ಹಾಕಿ. ಇನ್ನು ಶಿಟ್ಜು, ಪಗ್ ಥರದ ಚಪ್ಪಟೆ ಮೂಗಿನವಕ್ಕೆ ಬ್ಲೋವರ್ ಬಿಸಿ ಬೇಡವೇ ಬೇಡ, ಮುಖಕ್ಕಂತೂ ಟವೆಲ್ ಮಾತ್ರ. ಏದುಸಿರು ಜೋರಾಗಿ ನಾಲಿಗೆ ನೀಲಿ ಬಣ್ಣಕ್ಕೆ ತಿರುಗಿದರೆ ಕೆಲಸ ಅಲ್ಲಿಗೇ ಬಿಟ್ಟು, ತಂಪು ಜಾಗಕ್ಕೆ ತಂದು, ಡಾಕ್ಟರ್ ಬಳಿ ಓಡಬೇಕು.

ಸ್ವಚ್ಛತೆ ಅಂದರೆ ಫಿನಾಯಿಲ್ ಅಲ್ಲ

ಒಂದು ನಾಯಿಯ ರೋಗ ಇನ್ನೊಂದಕ್ಕೆ ಹರಡಿದರೆ ಹೆಸರು ಕೆಡೋದಕ್ಕೆ ಒಂದು ವಾಟ್ಸ್ಯಾಪ್ ಗ್ರೂಪ್ ಸಾಕು. ರೇಬಿಸ್, ಪಾರ್ವೊ, ಡಿಸ್ಟೆಂಪರ್ ಲಸಿಕೆಯ ಪುಸ್ತಕ ನೋಡದೆ ನಾನು ನಾಯಿಯನ್ನು ಒಳಗೆ ಬಿಡುವುದಿಲ್ಲ. ಪ್ರತಿ ನಾಯಿ ಹೋದ ಮೇಲೆ ಮೊದಲು ಕೂದಲು ಗುಡಿಸಿ, ಸೋಪು ನೀರಿನಲ್ಲಿ ಮೇಜು, ಟಬ್ ತೊಳೆಯುತ್ತೇನೆ. ಕೊಳೆ ಇದ್ದರೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಆಮೇಲೆ ಶೇಕಡಾ 5ರ ಸೋಡಿಯಂ ಹೈಪೋಕ್ಲೋರೈಟ್ ಬ್ಲೀಚ್ ಒಂದು ಪಾಲಿಗೆ ನೀರು 30 ಪಾಲು ಬೆರೆಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು, ತೊಳೆದು ಒಣಗಿಸಬೇಕು. ಪಾರ್ವೊ ವೈರಸ್ ಮಾಮೂಲಿ ಕ್ಲೀನರ್‌ಗೆ ಜಗ್ಗುವುದಿಲ್ಲ. ಬ್ಲೀಚ್ ಜೊತೆ ಬೇರೆ ಯಾವ ಕ್ಲೀನರನ್ನೂ ಬೆರೆಸಬೇಡಿ. ಬ್ಲೇಡಿಗೆ ಬ್ಲೀಚ್ ಹಾಕಿದರೆ ತುಕ್ಕು ಹಿಡಿಯುತ್ತದೆ, ಅದಕ್ಕೆ ಬ್ಲೇಡ್ ಸ್ಪ್ರೇ ಮತ್ತು ಎಣ್ಣೆ.

ಬಹಳ ಜನಕ್ಕೆ ಗೊತ್ತಿಲ್ಲದ್ದು ಶಾಂಪೂ ವಿಷಯ. ನಾಯಿ ಶಾಂಪೂವನ್ನು ನೀರಿಗೆ ಬೆರೆಸಿ ಬಳಸುತ್ತೇವಲ್ಲ, ಉಳಿದಿದ್ದನ್ನು ಮುಂದಿನ ವಾರಕ್ಕೆ ಇಡಬಾರದು. ನೀರು ಬೆರೆತ ಶಾಂಪೂವಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬ್ರಷ್‌ನಿಂದ ಸಣ್ಣ ಗೀರುಗಳಾದ ಚರ್ಮಕ್ಕೆ ಅದು ಸೇರಿದರೆ ಒಂದೆರಡು ದಿನದಲ್ಲಿ ಬೆನ್ನ ಮೇಲೆ ನೋವಿನ ಗುಳ್ಳೆ ಏಳುತ್ತವೆ, ಜ್ವರ ಬರುತ್ತದೆ. ಆಯಾ ನಾಯಿಗೆ ಆಗಲೇ ಬೆರೆಸಿ, ಉಳಿದದ್ದು ಚೆಲ್ಲಿ, ಬಾಟಲಿ ತೊಳೆದು ಒಣಗಿಸಿಡಿ.

ದುಡ್ಡಿನ ಲೆಕ್ಕ

ಈಗ ಲಡ್ಡುವಿನ 600ಕ್ಕೆ ಬರೋಣ. ತಿಂಗಳಿಗೆ 16 ನಾಯಿಯಂತೆ ಎರಡು ವರ್ಷಕ್ಕೆ 384 ನಾಯಿ. ಹಾಕಿದ 40,000ವನ್ನು ಅದಕ್ಕೆ ಹಂಚಿದರೆ ನಾಯಿಯೊಂದಕ್ಕೆ ಸುಮಾರು 104 ರೂಪಾಯಿ. ಶಾಂಪೂ, ಗೀಸರ್, ಟವೆಲ್ ಒಗೆತ, ಬ್ಲೀಚ್, ಬ್ಲೇಡ್ ಸಾಣೆ ಸೇರಿಸಿದರೆ ಒಟ್ಟು ಖರ್ಚು 300ರ ಹತ್ತಿರ. ಉಳಿದದ್ದು 300. ಲಡ್ಡುಗೆ ಹಿಡಿದದ್ದು ಐದು ಗಂಟೆ. ಅಂದರೆ ಗಂಟೆಗೆ 60 ರೂಪಾಯಿ, ಅದೂ ವಾಪಸ್ ಕೊಟ್ಟ 600 ಮತ್ತು ಡಾಕ್ಟರ್ ಬಿಲ್ ಲೆಕ್ಕಕ್ಕೆ ಹಿಡಿಯದೆ!

ತಪ್ಪು ಎಲ್ಲಿತ್ತು ಅಂದರೆ ನಾನು ತಳಿ ನೋಡಿ ದರ ಹೇಳಿದ್ದೆ. ತಗಲುವುದು ಸಮಯ, ಸಮಯ ನಿರ್ಧಾರವಾಗುವುದು ಕೂದಲಿನ ಸ್ಥಿತಿಯಿಂದ. ಚೆನ್ನಾಗಿ ಬಾಚಿದ ಶಿಟ್ಜುಗೆ ಪರೀಕ್ಷೆ, ಸ್ನಾನ, ಒಣಗಿಸುವುದು, ಟ್ರಿಮ್, ಉಗುರು, ಕೊನೆಗೆ ಜಾಗ ತೊಳೆಯುವುದು ಸೇರಿ ಮೂರು ಗಂಟೆ. ಅದಕ್ಕೆ ಈಗ 1,200. ಖರ್ಚು ಕಳೆದರೆ ಗಂಟೆಗೆ 300 ಉಳಿಯುತ್ತದೆ. ಸಿಕ್ಕಿದ್ದರೆ ಪ್ರತಿ ಹದಿನೈದು ನಿಮಿಷಕ್ಕೆ 100 ಹೆಚ್ಚು, ಅದೂ ಅರ್ಧ ಗಂಟೆವರೆಗೆ ಮಾತ್ರ. ಅದಕ್ಕಿಂತ ಹೆಚ್ಚು ಎಳೆದಾಡುವುದು ನಾಯಿಗೆ ಹಿಂಸೆ, ಬೋಳಿಸಲು ಒಪ್ಪಿಗೆ ಬರೆಸಿಕೊಳ್ಳುತ್ತೇನೆ. ಐದು ವಾರದೊಳಗೆ ಮತ್ತೆ ಬಂದರೆ 1,000. ಇದು ಔದಾರ್ಯ ಅಲ್ಲ, ಆ ನಾಯಿಗೆ ನನ್ನ ಸಮಯ ನಿಜಕ್ಕೂ ಕಡಿಮೆ ಹಿಡಿಯುತ್ತದೆ.

ಒಂದು ಮಾತು. ಉದ್ಯೋಗದಲ್ಲಿದ್ದರೆ ಬೇರೆ ಸಂಪಾದನೆ ಬಗ್ಗೆ ಆಫರ್ ಲೆಟರ್‌ನಲ್ಲಿ ಏನಿದೆ ಓದಿಕೊಳ್ಳಿ. ನಾನು ಎಚ್‌ಆರ್‌ಗೆ ಬರೆದು ಒಪ್ಪಿಗೆ ತೆಗೆದುಕೊಂಡ ಮೇಲೇ ಶುರು ಮಾಡಿದ್ದು.

ಆಂಟಿ ಮತ್ತೆ ಬರುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ನಾಲ್ಕು ತಿಂಗಳ ಮೇಲೆ ಗೇಟಿನ ಹತ್ತಿರ ಲಡ್ಡುವನ್ನು ಎತ್ತಿಕೊಂಡು ನಿಂತಿದ್ದರು. “ತಪ್ಪು ಮಾಡಿದವನು ಇನ್ನೊಂದ್ಸಲ ಮಾಡಲ್ಲ ಅಂತ ಬಂದೆ ಕಣೋ” ಅಂದರು. ಮೇಜಿನ ಮೇಲೆ ನಿಲ್ಲಿಸಿ ಬಾಚಣಿಗೆ ಹಾಕಿದೆ. ಎಡ ಕಂಕುಳಲ್ಲಿ ಒಂದು ಸಣ್ಣ ಸಿಕ್ಕು ಬಿಟ್ಟರೆ ಎಲ್ಲಾ ಕಡೆ ಸಲೀಸಾಗಿ ಹೋಯಿತು. ಆಂಟಿ ದಿನಾ ರಾತ್ರಿ ಸೀರಿಯಲ್ ನೋಡುತ್ತಾ ಹತ್ತು ನಿಮಿಷ ಬಾಚುತ್ತಾರಂತೆ. ಕ್ಲಿಪ್ಪರ್ ಸದ್ದು ಕೇಳಿದಾಗ ಲಡ್ಡು ಮಾತ್ರ ಇನ್ನೂ ತುಟಿ ನೆಕ್ಕುತ್ತಾನೆ. ಅವನಿಗೆ ನೆನಪಿದೆ. ಅದಕ್ಕೇ ಅವನ ಹಿಂಗಾಲಿನ ಹತ್ತಿರ ಹೋಗುವ ಮುಂಚೆ ಪ್ರತಿ ಸಲವೂ ಬ್ಲೇಡನ್ನು ನನ್ನ ಮಣಿಕಟ್ಟಿಗೆ ಒತ್ತಿ ನೋಡುತ್ತೇನೆ.