ಹಗಲು ಬದಲಿಸಿದ ಪಾಸ್‌ವರ್ಡ್, ರಾತ್ರಿ ನಿಂತ ಕೆಲಸ

ಒಂದು ಔಷಧ ಸಗಟು ಮಳಿಗೆ ಇದೆ ಎಂದುಕೊಳ್ಳಿ. ದಿನದ ಮಾರಾಟದ ಲೆಕ್ಕ ರಾತ್ರಿ 2 ಗಂಟೆಗೆ ತಾನಾಗಿಯೇ ಮುಖ್ಯ ಕಚೇರಿಯ ಡೇಟಾಬೇಸ್‌ಗೆ ಹೋಗಿ ಸೇರುತ್ತದೆ. ಒಂದು ಸಂಜೆ 4ಕ್ಕೆ ಡೇಟಾಬೇಸ್ ನೋಡಿಕೊಳ್ಳುವವರು ಅದರ ಪಾಸ್‌ವರ್ಡ್ ಬದಲಿಸುತ್ತಾರೆ. ಎಲ್ಲವೂ ಮೊದಲಿನಂತೆಯೇ ನಡೆಯುತ್ತಿರುತ್ತದೆ. ಬೆಳಿಗ್ಗೆ ಬಂದು ನೋಡಿದರೆ ಹಿಂದಿನ ದಿನದ ಲೆಕ್ಕವೇ ಬಂದಿಲ್ಲ. ಲಾಗ್‌ನಲ್ಲಿ `Access denied for user` ಎಂಬ ಸಾಲು ಕೂತಿದೆ.

ಡೇಟಾಬೇಸ್ ಪಾಸ್‌ವರ್ಡ್ ಕೇಳುವುದು ಸಂಪರ್ಕ ಶುರುವಾಗುವಾಗ ಮಾತ್ರ. ಆಗಲೇ ಒಳಗಿರುವ ಸಂಪರ್ಕವನ್ನು ಅದು ಮತ್ತೆ ತಡೆದು ಕೇಳುವುದಿಲ್ಲ. ಹೀಗಾಗಿ ಸಂಜೆ ಕಂಡ ನೆಮ್ಮದಿಗೆ ಅರ್ಥವಿಲ್ಲ. ನಿಜವಾದ ಪರೀಕ್ಷೆ ನಡೆಯುವುದು ಹೊಸ ಸಂಪರ್ಕ ಹುಟ್ಟುವ ರಾತ್ರಿ 2ಕ್ಕೆ, ಎಲ್ಲರೂ ಮಲಗಿರುವಾಗ.

ಇದಕ್ಕೆ ಪರಿಹಾರ, ಹಳೆಯದೂ ಹೊಸದೂ ಸ್ವಲ್ಪ ಕಾಲ ಒಟ್ಟಿಗೆ ನಡೆಯುವಂತೆ ಮಾಡುವುದು. ಬೀಗ ಬದಲಿಸದೆ, ಅದಕ್ಕೇ ಎರಡನೆಯ ಕೀಲಿ ಮಾಡಿಸಿದ ಹಾಗೆ. ಮೈಎಸ್‌ಕ್ಯೂಎಲ್‌ನಲ್ಲಿ 8.0.14ನೇ ಆವೃತ್ತಿಯಿಂದ ಈ ಸೌಲಭ್ಯವಿದೆ:

```
ALTER USER 'sync'@'%' IDENTIFIED BY 'ಹೊಸದು'
  RETAIN CURRENT PASSWORD;
```

ಈಗ ಎರಡು ಪಾಸ್‌ವರ್ಡ್‌ಗಳೂ ನಡೆಯುತ್ತವೆ. ಹೊಸದನ್ನು ಸಿಂಕ್ ಕೆಲಸದ ಸಂರಚನೆಯಲ್ಲಿ ಬರೆದು, ರಾತ್ರಿಯವರೆಗೆ ಕಾಯದೆ ಹಗಲಲ್ಲೇ ಅದನ್ನು ಒಮ್ಮೆ ಓಡಿಸಿ ನೋಡಬೇಕು. ಓಡಿಸುವುದು ನಿಮ್ಮ ಲಾಗಿನ್‌ನಿಂದಲ್ಲ, ರಾತ್ರಿ ಅದು ಯಾವ ಬಳಕೆದಾರನ ಹೆಸರಿನಲ್ಲಿ ನಡೆಯುತ್ತದೋ ಅದೇ ಹೆಸರಿನಿಂದ. ನಿಮಗೆ ಓದಲು ಸಿಗುವ ಫೈಲ್ ಅದಕ್ಕೆ ಸಿಗದೇ ಇರಬಹುದು.

ಹಳೆಯದನ್ನು ಯಾವಾಗ ತೆಗೆಯುವುದು? ಎಡವುವುದು ಹೆಚ್ಚಾಗಿ ಇಲ್ಲೇ. ಮರುದಿನದ ಸಿಂಕ್ ಸರಿಯಾಯಿತೆಂದು ತೆಗೆದುಬಿಟ್ಟರೆ, ತಿಂಗಳ ಕೊನೆಗೆ ಒಮ್ಮೆ ಮಾತ್ರ ಓಡುವ ತೆರಿಗೆ ವರದಿ ಹಳೆಯ ಪಾಸ್‌ವರ್ಡ್ ಹಿಡಿದು ಬಂದು ಬಾಗಿಲಲ್ಲೇ ನಿಲ್ಲುತ್ತದೆ. ಎಲ್ಲಕ್ಕಿಂತ ಅಪರೂಪಕ್ಕೆ ಓಡುವ ಕೆಲಸ ಒಂದು ಸುತ್ತು ಮುಗಿಸುವವರೆಗೆ ಕಾಯಲೇಬೇಕು. ನಡುವೆ ಮತ್ತೊಮ್ಮೆ ಇದೇ ಆಜ್ಞೆ ಕೊಟ್ಟರೂ ಅಪಾಯ: ಉಳಿಯುವುದು ಇತ್ತೀಚಿನ ಎರಡು ಮಾತ್ರ, ಮೊದಲಿನದು ಹೋಗಿಬಿಡುತ್ತದೆ.

ಬಂದವರು ಎರಡರಲ್ಲಿ ಯಾವ ಪಾಸ್‌ವರ್ಡ್ ಕೊಟ್ಟರೆಂದು ಮೈಎಸ್‌ಕ್ಯೂಎಲ್‌ನ ಸಾಮಾನ್ಯ ಲಾಗ್ ಹೇಳುವುದಿಲ್ಲ. ಆ ಸಾಕ್ಷಿ ಬೇಕಿದ್ದರೆ `sync_a`, `sync_b` ಎಂದು ಸಮಾನ ಅಧಿಕಾರದ ಎರಡು ಬಳಕೆದಾರರನ್ನು ಇಟ್ಟು ಸರದಿಯಂತೆ ಬಳಸುವುದು ಮೇಲು. ಆಗ ಹಳೆಯ ಹೆಸರಿನಲ್ಲಿ ಇನ್ನೂ ಯಾರು ಬರುತ್ತಿದ್ದಾರೆಂದು ಲಾಗ್ ನೋಡಿದರೆ ತಿಳಿಯುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಒಬ್ಬ ಬಳಕೆದಾರನಿಗೆ ಒಂದೇ ಪಾಸ್‌ವರ್ಡ್ ಇರುವುದರಿಂದ ಅಲ್ಲಿಯೂ ಇದೇ ದಾರಿ.

ಎಪಿಐ ಕೀಲಿಗಳ ವಿಷಯದಲ್ಲಿ ಕೆಲಸ ಇನ್ನೂ ಹಗುರ. ಅಮೆಜಾನ್‌ನ ಎಡಬ್ಲ್ಯೂಎಸ್ ಒಬ್ಬ ಬಳಕೆದಾರನಿಗೆ ಎರಡು ಕೀಲಿ ಕೊಡುತ್ತದೆ, ಪ್ರತಿಯೊಂದನ್ನೂ ಕೊನೆಯ ಸಲ ಯಾವಾಗ ಬಳಸಲಾಯಿತು ಎಂದೂ ತೋರಿಸುತ್ತದೆ. ಹಳೆಯ ಕೀಲಿಯನ್ನು ಕೂಡಲೇ ಅಳಿಸಬೇಡಿ, ಮೊದಲು ನಿಷ್ಕ್ರಿಯಗೊಳಿಸಿ. ಏನಾದರೂ ನಿಂತರೆ ಅದನ್ನೇ ಮತ್ತೆ ಚಾಲೂ ಮಾಡಬಹುದು. ಅಳಿಸಿದ ಕೀಲಿ ಮರಳಿ ಸಿಗುವುದಿಲ್ಲ.