ಸಂಬಳದ ಚೀಟಿಯಲ್ಲಿ ಕಾಣದ ಹದಿನೆಂಟು ಗಂಟೆ

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಶಿಪ್‌ಮೆಂಟ್ ದಿನ ಹತ್ತಿರ ಬಂದರೆ ಸಂಜೆ ಐದೂವರೆಗೆ ಬಿಡಬೇಕಾದ ಲೈನು ಏಳೂವರೆಗೆ ಬಿಡುತ್ತದೆ. ತಿಂಗಳ ಕೊನೆಗೆ ಸಂಬಳದ ಚೀಟಿ ನೋಡಿದರೆ ಓಟಿ ಕಾಲಂನಲ್ಲಿ ಸೊನ್ನೆ. ಕೆಳಗೆಲ್ಲೋ ‘ಇನ್ಸೆಂಟಿವ್’ ಎಂದು ಒಂದಿಷ್ಟು ಹಣ. ಹಣ ಬಂತಲ್ಲ ಎಂದು ಎಷ್ಟೋ ಹೆಣ್ಣುಮಕ್ಕಳು ಸುಮ್ಮನಾಗುತ್ತಾರೆ. ಎಚ್‌ಆರ್‌ಗೆ ಪತ್ರ ಬರೆಯಬೇಕಾದದ್ದು ಇಂಥ ಚೀಟಿ ಕೈಗೆ ಬಂದಾಗಲೇ.

ಲೆಕ್ಕ ಹಾಕಿ ನೋಡೋಣ. ಬೇಸಿಕ್ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 13,000 ರೂಪಾಯಿ ಎಂದಿಟ್ಟುಕೊಳ್ಳಿ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 500, ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 62.50. ದಿನಕ್ಕೆ ಒಂಬತ್ತು ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದ ಕೆಲಸಕ್ಕೆ ದುಪ್ಪಟ್ಟು ದರ ಕೊಡಬೇಕೆಂದು 1948ರ ಕಾರ್ಖಾನೆ ಕಾಯಿದೆಯ 59ನೇ ಕಲಂ ಹೇಳುತ್ತಿತ್ತು. 2019ರ ವೇತನ ಸಂಹಿತೆಯೂ ಓಟಿಗೆ ದುಪ್ಪಟ್ಟಿಗಿಂತ ಕಡಿಮೆ ಕೊಡುವಂತಿಲ್ಲ ಎನ್ನುತ್ತದೆ. ಕೋವಿಡ್ ಕಾಲದಲ್ಲಿ ಗುಜರಾತ್ ಸರ್ಕಾರ ಈ ದುಪ್ಪಟ್ಟನ್ನು ಕೈಬಿಟ್ಟು ಹೊರಡಿಸಿದ್ದ ಅಧಿಸೂಚನೆಯನ್ನು 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು.

ನಮ್ಮ ಉದಾಹರಣೆಯ ಕೆಲಸಗಾರ್ತಿ ಆಗಸ್ಟ್‌ನಲ್ಲಿ ಒಂಬತ್ತು ಸಂಜೆ ಎರಡೆರಡು ಗಂಟೆ ನಿಂತಿದ್ದಾಳೆ. ಒಟ್ಟು 18 ಗಂಟೆ. ಗಂಟೆಗೆ 125ರಂತೆ ಬರಬೇಕಾದದ್ದು 2,250 ರೂಪಾಯಿ. ಚೀಟಿಯಲ್ಲಿ ಇನ್ಸೆಂಟಿವ್ ಇರುವುದು 1,125. ಇದನ್ನು 62.50ರಿಂದ ಭಾಗಿಸಿ ನೋಡಿ, ಸರಿಯಾಗಿ 18 ಬರುತ್ತದೆ. ಅಂದರೆ ಗಂಟೆಗಳ ಲೆಕ್ಕ ಆಫೀಸಿನಲ್ಲೂ ಇದೆ, ಆದರೆ ಒಂದೇ ಪಟ್ಟು ದರದಲ್ಲಿ, ಬೇರೆ ಹೆಸರಿನಲ್ಲಿ. ಇಷ್ಟು ನಿಖರವಾಗಿ ಕೂಡಿಬಂದರೆ ನಿಮ್ಮ ಪತ್ರಕ್ಕೆ ಅದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಒಂದು ಎಚ್ಚರಿಕೆ. ಒಂದು ದಿನ ರಜೆ ಹಾಕಿದ ವಾರದಲ್ಲಿ ಒಟ್ಟು 48 ದಾಟದೇ ಇರಬಹುದು. 1948ರ ಕಾಯಿದೆಯ ಲೆಕ್ಕದಲ್ಲಿ ಆಗ ಓಟಿ ಮಾಡಿದ ದಿನದ ಒಂಬತ್ತು ಗಂಟೆ ಮೀರಿದ ಭಾಗ ಮಾತ್ರ ದುಪ್ಪಟ್ಟಿಗೆ ಸಲ್ಲುತ್ತಿತ್ತು. ಇಲ್ಲಿ ಲೆಕ್ಕ ತಪ್ಪಿದರೆ ಎಚ್‌ಆರ್‌ನವರು ಅದೊಂದನ್ನೇ ಹಿಡಿದು ಇಡೀ ಪತ್ರವನ್ನು ಬದಿಗಿಡಬಹುದು. ಈ ಉದಾಹರಣೆಯಲ್ಲಿ ಒಂಬತ್ತೂ ಸಂಜೆಗಳು ಆರು ದಿನ ಪೂರ್ತಿ ದುಡಿದ ವಾರಗಳಲ್ಲೇ ಬಂದಿವೆ.

ಪತ್ರ ಹೀಗಿರಲಿ:

“ಮಾನ್ಯರೇ, ನನ್ನ ಆಗಸ್ಟ್ ತಿಂಗಳ ಸಂಬಳದ ಚೀಟಿಯಲ್ಲಿ ಒಂದು ವ್ಯತ್ಯಾಸ ಕಂಡುಬಂದಿದ್ದು, ತಮ್ಮ ಗಮನಕ್ಕೆ ತರುತ್ತಿದ್ದೇನೆ. ಆ ತಿಂಗಳು ಒಂಬತ್ತು ದಿನ ಸಂಜೆ 5.30ರಿಂದ 7.30ರವರೆಗೆ ಒಟ್ಟು 18 ಗಂಟೆ ಓಟಿ ಮಾಡಿದ್ದೇನೆ. ದಿನಾಂಕಗಳ ಪಟ್ಟಿ ಲಗತ್ತಿಸಿದೆ. ಚೀಟಿಯಲ್ಲಿ ಓಟಿ ಗಂಟೆ ಸೊನ್ನೆ ಎಂದಿದ್ದು, ಇನ್ಸೆಂಟಿವ್ ಎಂದು ರೂ. 1,125 ನಮೂದಾಗಿದೆ. ದುಪ್ಪಟ್ಟು ದರದಲ್ಲಿ ರೂ. 2,250 ಬರಬೇಕಿತ್ತು. ದಯವಿಟ್ಟು ನನ್ನ ಪಂಚಿಂಗ್ ದಾಖಲೆಯೊಂದಿಗೆ ಹೋಲಿಸಿ ನೋಡಿ, ಬಾಕಿ ರೂ. 1,125 ಪಾವತಿಸಬೇಕೆಂದೂ, ವೇತನ ರಿಜಿಸ್ಟರಿನಲ್ಲಿ 18 ಗಂಟೆಗಳನ್ನು ಓಟಿ ಎಂದು ದಾಖಲಿಸಿ ತಿದ್ದಿದ ಚೀಟಿ ಕೊಡಬೇಕೆಂದೂ ಕೋರುತ್ತೇನೆ. ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಕೊಟ್ಟರೆ ಉಪಕಾರವಾಗುತ್ತದೆ.”

ಇದರಲ್ಲಿ ‘ಮೋಸ’ ಎಂಬ ಮಾತಿಲ್ಲ, ಸೂಪರ್‌ವೈಸರ್ ಮೇಲೆ ದೂರಿಲ್ಲ. ತಿದ್ದುವವರಿಗೆ ದಾರಿ ಬಿಟ್ಟುಕೊಟ್ಟ ಪತ್ರಕ್ಕೆ ಉತ್ತರ ಬರುವ ಸಾಧ್ಯತೆ ಹೆಚ್ಚು. ಕಾಯಿದೆಯ ಕಲಂ ನಮೂದಿಸುವುದನ್ನು ಎರಡನೇ ಪತ್ರಕ್ಕೆ ಇಟ್ಟುಕೊಳ್ಳುವುದು ಮೇಲು ಎಂದು ನನ್ನ ಅಭಿಪ್ರಾಯ. ಪತ್ರವನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ದಿನಾಂಕ ಸಹಿತ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಚೀಟಿಯ ಜೆರಾಕ್ಸ್ ಕೊಡಿ, ಮೂಲಪ್ರತಿಯನ್ನು ಕೊಡಲೇಬೇಡಿ. ಮುಂದೆ ಕಾರ್ಮಿಕ ಇಲಾಖೆಗೆ ಹೋಗಬೇಕಾಗಿ ಬಂದರೆ ಕೈಯಲ್ಲಿರಬೇಕಾದವು ಆ ಸೀಲಿನ ಪ್ರತಿ ಮತ್ತು ಮೂಲ ಚೀಟಿ.

ಪತ್ರದಲ್ಲಿ ಕೇಳಿಕೆ ಎರಡಿವೆ: ಹಣ ಮತ್ತು ದಾಖಲೆ. ಆಫೀಸಿನವರು ಸಾಮಾನ್ಯವಾಗಿ ಮೊದಲನೆಯದನ್ನು ಕೊಟ್ಟು ಎರಡನೆಯದನ್ನು ಮರೆಸುತ್ತಾರೆ. ಮುಂದಿನ ತಿಂಗಳು ‘ಸ್ಪೆಷಲ್ ಅಲೋವೆನ್ಸ್’ ಎಂದು 1,125 ಬಂದರೆ ಬಾಕಿ ತೀರಿತು, ಆದರೆ ದಾಖಲೆಯ ಪ್ರಕಾರ ನೀವು ಆಗಸ್ಟ್‌ನಲ್ಲಿ ಒಂದು ಗಂಟೆಯೂ ಓಟಿ ಮಾಡಿಲ್ಲ. ಅಕ್ಟೋಬರ್‌ನಲ್ಲಿ ಮತ್ತೆ ಇದೇ ಆದಾಗ ತೋರಿಸಲು ಹಿಂದಿನ ಉದಾಹರಣೆಯೇ ಇರುವುದಿಲ್ಲ. ಓಟಿಗೆ ಬದಲು ಒಂದು ದಿನ ‘ಕಾಂಪ್ ಆಫ್’ ತೆಗೆದುಕೊಳ್ಳಿ ಎಂಬ ಮಾತೂ ಇದೇ ಜಾತಿಯದು. ಅದನ್ನು ಒಪ್ಪಿಕೊಂಡರೆ ದುಪ್ಪಟ್ಟು ದರವೂ ಹೋಯಿತು, ದಾಖಲೆಯೂ ಹೋಯಿತು.

“ಆಗಸ್ಟ್ ಲೆಕ್ಕ ಕಂಪ್ಯೂಟರಿನಲ್ಲಿ ಮುಗಿದುಹೋಗಿದೆ, ಈಗ ತೆರೆಯಲು ಬರುವುದಿಲ್ಲ” ಎಂದರೆ ಅದು ನಿಜವೂ ಇರಬಹುದು. ಹಾಗಿದ್ದಲ್ಲಿ ಮುಂದಿನ ಚೀಟಿಯಲ್ಲೇ ‘ಆಗಸ್ಟ್ ಓಟಿ ಬಾಕಿ, 18 ಗಂಟೆ’ ಎಂದು ಬರೆಯಿಸಿ, ಹಿಂದಿನ ಇನ್ಸೆಂಟಿವ್ ಓಟಿಯ ಭಾಗವೇ ಎಂದು ಒಂದು ಸಾಲಿನ ಪತ್ರ ಪಡೆಯಿರಿ.