ದುರ್ಗದ ಬಂಡೆ, ಹೊಂಡದ ನೀರು

ಏಳನೇ ತರಗತಿ ಮಕ್ಕಳ ತಂದೆ-ತಾಯಂದಿರಿಗೆ,

ಬರುವ ಶನಿವಾರ ಮಕ್ಕಳನ್ನು ದಾವಣಗೆರೆಯಿಂದ ಚಿತ್ರದುರ್ಗದ ಕೋಟೆಗೆ ಕರೆದೊಯ್ಯುತ್ತಿದ್ದೇವೆ. ಏಳು ಸುತ್ತಿನ ಕೋಟೆ, ಮದಕರಿ ನಾಯಕ, ಒನಕೆ ಓಬವ್ವ ಇವೆಲ್ಲ ಮಕ್ಕಳಿಗೆ ಗೊತ್ತಿರುವ ಹೆಸರುಗಳೇ. ಈ ಸಲ ಅವರು ಒಂದೇ ಪ್ರಶ್ನೆ ಹಿಡಿದು ಬೆಟ್ಟ ಹತ್ತಲಿ ಎಂಬುದು ನನ್ನ ಆಸೆ: ಮಳೆ ಕಡಿಮೆ ಇರುವ ಸೀಮೆಯಲ್ಲಿ, ಬೋಳು ಬಂಡೆಯ ಮೇಲೆ, ಅಷ್ಟೊಂದು ಜನಕ್ಕೆ ಕುಡಿಯುವ ನೀರು ಎಲ್ಲಿಂದ ಬಂತು?

ವಿಜಯನಗರದ ಅಧೀನದಲ್ಲಿದ್ದ ತಿಮ್ಮಣ್ಣ ನಾಯಕರಿಂದ ಹದಿನಾರನೇ ಶತಮಾನದಲ್ಲಿ ದುರ್ಗದ ಪಾಳೆಯಗಾರರ ಆಳ್ವಿಕೆ ಶುರುವಾಯಿತು. ಮುಂದೆ ಬಂದ ನಾಯಕರು ಕೋಟೆಯನ್ನು ಸುತ್ತು ಸುತ್ತಾಗಿ ಬೆಳೆಸಿದರು. ಒಳಗೆ ಹೋಗುವಾಗ ಮಕ್ಕಳು ಮೊದಲು ಬಾಗಿಲುಗಳನ್ನು ಗಮನಿಸಬೇಕು. ದಾರಿ ನೇರವಾಗಿಲ್ಲ, ಪ್ರತಿ ಬಾಗಿಲಿನ ಬಳಿಯೂ ತಿರುಗುತ್ತದೆ. ಓಡಿ ಬಂದು ಕದಕ್ಕೆ ಗುದ್ದಲು ಆನೆಗೆ ಜಾಗ ಸಿಗಬಾರದು, ತಿರುವಿನಲ್ಲಿ ಸಿಕ್ಕಿಬಿದ್ದ ಶತ್ರುವಿನ ಮೇಲೆ ಗೋಡೆಯಿಂದ ಹೊಡೆಯಬೇಕು ಎಂಬುದು ಆ ತಿರುವಿನ ಉದ್ದೇಶ.

ಆದರೆ ಎಂಥ ಗೋಡೆಯೂ ಮುತ್ತಿಗೆಯಲ್ಲಿ ತಿಂಗಳುಗಟ್ಟಲೆ ಕಾಯಬೇಕಾದರೆ ಒಳಗೆ ನೀರಿರಬೇಕು. ಇಲ್ಲಿನ ಬಂಡೆ ನೀರು ಹೀರುವುದಿಲ್ಲ, ಬಾವಿ ತೋಡುವುದೂ ಸುಲಭವಲ್ಲ. ನೀರು ಹೀರದ ಆ ಗುಣವನ್ನೇ ದುರ್ಗದವರು ಬಳಸಿಕೊಂಡರು. ಬಂಡೆಯ ಮೇಲೆ ಬಿದ್ದ ಮಳೆ ಇಳಿಜಾರಿನಲ್ಲಿ ಹರಿಯುತ್ತದೆ. ಎರಡು ಗುಡ್ಡಗಳು ಕೂಡುವ ತಗ್ಗಿಗೆ ಕಟ್ಟೆ ಹಾಕಿದರೆ ಅದು ನಿಲ್ಲುತ್ತದೆ. ಬೆಟ್ಟದ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಿನ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರಿನ ಸಂತೆಹೊಂಡಕ್ಕೆ ಇಳಿಯುತ್ತಿತ್ತು. ಮಳೆಯೊಂದಿಗೆ ಬಂದ ಮಣ್ಣು ಮೇಲಿನ ಹೊಂಡದ ತಳದಲ್ಲೇ ಕೂರುವುದರಿಂದ ಕೆಳಗಿನದಕ್ಕೆ ಹೋಗುವ ನೀರು ತಿಳಿಯಾಗುತ್ತದೆ. ಕೋಡಿ ಕಟ್ಟಿಕೊಂಡರೆ ಅಥವಾ ಹೂಳು ತೆಗೆಯದೆ ಬಿಟ್ಟರೆ ಇಡೀ ಸರಪಳಿ ಕೆಡುತ್ತದೆ. ಹೊಂಡದ ಅಂಚಿನ ಕಲ್ಲಿನ ಮೇಲೆ ಬಣ್ಣ ಬದಲಾದ ಗೆರೆ ಕಂಡರೆ, ನೀರು ಎಲ್ಲಿಯವರೆಗೆ ನಿಂತಿತ್ತೆಂದು ಹೇಳಬಹುದು. ಮಕ್ಕಳು ಅದನ್ನು ಹುಡುಕಲಿದ್ದಾರೆ.

ಅಲ್ಲೇ ಕುಳಿತು ಒಂದು ಲೆಕ್ಕವನ್ನೂ ಮಾಡುತ್ತೇವೆ. ನೂರು ಮೀಟರ್ ಉದ್ದ, ನೂರು ಮೀಟರ್ ಅಗಲದ ಬಂಡೆ ಎಂದುಕೊಳ್ಳೋಣ. ವರ್ಷಕ್ಕೆ ಸುಮಾರು 60 ಸೆಂಟಿಮೀಟರ್ ಮಳೆ ಬಿದ್ದರೆ ಅದರ ಮೇಲೆ 60 ಲಕ್ಷ ಲೀಟರ್ ನೀರು ಸುರಿದಂತೆ. ಬಿಸಿಲಿಗೆ ಆರಿ, ಸಂದುಗಳಲ್ಲಿ ಇಂಗಿ ಅರ್ಧ ಹೋಯಿತೆಂದರೂ 30 ಲಕ್ಷ ಉಳಿಯುತ್ತದೆ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ ಐದು ಲೀಟರ್ ಎಂದು ಹಿಡಿದರೆ ಸುಮಾರು 1,600 ಜನಕ್ಕೆ ಒಂದು ವರ್ಷ ಸಾಕು. ಮಳೆ ಅರ್ಧಕ್ಕೆ ಇಳಿದರೆ ಏನಾಗುತ್ತದೆ ಎಂಬುದನ್ನು ಮಕ್ಕಳೇ ಮುಂದುವರಿಸಲಿ.

ಓಬವ್ವನ ಕಥೆಗೂ ನೀರಿನ ನಂಟಿದೆ. ಹೈದರಾಲಿ ಮುತ್ತಿಗೆ ಹಾಕಿದ್ದಾಗ, ಕಾವಲಿನ ಗಂಡ ಊಟಕ್ಕೆ ಕುಳಿತ ಹೊತ್ತಿನಲ್ಲಿ ಆಕೆ ನೀರು ತರಲು ಹೋಗಿದ್ದಳು, ಆಗಲೇ ಕಿಂಡಿಯಲ್ಲಿ ನುಸುಳುತ್ತಿದ್ದ ಸೈನಿಕರು ಕಣ್ಣಿಗೆ ಬಿದ್ದರು ಎಂದು ಜನ ಹೇಳುತ್ತಾರೆ. ಕಿಂಡಿಯ ಹತ್ತಿರವೇ ತಣ್ಣೀರು ದೋಣಿ ಇದೆ. ಎರಡನ್ನೂ ಮಕ್ಕಳು ಒಟ್ಟಿಗೆ ನೋಡಿದರೆ ಆಕೆ ಆ ಹೊತ್ತಿಗೆ ಅಲ್ಲಿಗೆ ಏಕೆ ಬಂದಳೆಂದು ಹೇಳಿಕೊಡಬೇಕಾಗುವುದಿಲ್ಲ. 1779ರಲ್ಲಿ ದುರ್ಗ ಹೈದರಾಲಿಯ ವಶವಾಯಿತು. ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಹೊಂಡಗಳು ಮಾತ್ರ ಉಳಿದವು.

ಇನ್ನು ನಿಮ್ಮಿಂದ ಬೇಕಾದದ್ದು. ಬಸ್ಸು ಬೆಳಿಗ್ಗೆ ಏಳಕ್ಕೆ ಶಾಲೆಯಿಂದ ಹೊರಡುತ್ತದೆ, ಸಂಜೆ ಆರಕ್ಕೆ ಮರಳುತ್ತದೆ. ಬಂಡೆ ಜಾರುತ್ತದೆ, ಹಾಗಾಗಿ ಚಪ್ಪಲಿ ಬೇಡ, ಹಿಡಿತವಿರುವ ಶೂ ಇರಲಿ. ಎರಡು ಲೀಟರ್ ನೀರು, ಟೋಪಿ, ಬುತ್ತಿ ಕಳಿಸಿ. ಕೋತಿಗಳ ಕಾಟ ಇರುವುದರಿಂದ ತಿಂಡಿ ಚೀಲದೊಳಗೇ ಇರಲಿ, ಪ್ಲಾಸ್ಟಿಕ್ ಕವರ್ ಕೈಯಲ್ಲಿ ಬೇಡ. ಹೊಂಡಕ್ಕೆ ಇಳಿಯಬಾರದು, ಗೋಡೆಯ ಮೇಲೆ ಹೆಸರು ಕೆತ್ತಬಾರದು ಎಂದು ಮನೆಯಲ್ಲೂ ಒಂದು ಮಾತು ಹೇಳಿ. ಉಬ್ಬಸ, ತಲೆಸುತ್ತು ಇರುವ ಮಕ್ಕಳ ವಿವರವನ್ನು ಒಪ್ಪಿಗೆ ಪತ್ರದಲ್ಲೇ ಬರೆದು ಗುರುವಾರದೊಳಗೆ ಕಳಿಸಿಕೊಡಿ.

ಭಾನುವಾರ ಮಕ್ಕಳನ್ನು ಕರೆದುಕೊಂಡು ನಿಮ್ಮೂರಿನ ಕೆರೆಯ ಬಳಿಗೆ ಹೋಗಿ. ನೀರು ಎಲ್ಲಿಂದ ಬರುತ್ತದೆ, ಕೋಡಿ ಎಲ್ಲಿದೆ, ತುಂಬಿದರೆ ಎತ್ತ ಹರಿಯುತ್ತದೆ ಎಂದು ಅವರನ್ನೇ ಕೇಳಿ. ಸೋಮವಾರದ ತರಗತಿ ಆ ಉತ್ತರಗಳಿಂದಲೇ ಶುರುವಾಗುತ್ತದೆ.

ಇಂತಿ,
ಸಮಾಜ ವಿಜ್ಞಾನ ಶಿಕ್ಷಕಿ